ಸುಟ್ಟ ಸರಕು ಮತ್ತು ಕ್ರೆಡಿಟ್ ವಾಪಸಾತಿ: ಬಾಗ್ರಿ ಮಾರ್ಕೆಟ್ ನೆಪದಲ್ಲಿ ಒಂದು ವಿಚಾರ

ಕೋಲ್ಕತ್ತದ ಕ್ಯಾನಿಂಗ್ ಸ್ಟ್ರೀಟಿನ ಬಾಗ್ರಿ ಮಾರ್ಕೆಟ್‌ಗೆ 2018ರ ಸೆಪ್ಟೆಂಬರ್ 16ರ ನಸುಕಿನಲ್ಲಿ ಬೆಂಕಿ ಬಿತ್ತು. ದುರ್ಗಾಪೂಜೆಗೆ ತಿಂಗಳಷ್ಟೇ ಉಳಿದಿದ್ದಾಗ ಔಷಧಿ, ಸೌಂದರ್ಯವರ್ಧಕ, ಆಟಿಕೆಗಳ ಸಗಟು ದಾಸ್ತಾನು ಸುಟ್ಟುಹೋಯಿತು. ಖರೀದಿಯ ಮೇಲಿನ ತೆರಿಗೆಯನ್ನು ಆಗಲೇ ಕ್ರೆಡಿಟ್ ಆಗಿ ಪಡೆದಿದ್ದ ವ್ಯಾಪಾರಿ ಅದನ್ನು ಬಿಟ್ಟುಕೊಡಬೇಕು: ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)ರ (ಎಚ್) ಖಂಡ ಕಳೆದುಹೋದ, ಕಳುವಾದ, ನಾಶವಾದ ಸರಕಿಗೆ ಕ್ರೆಡಿಟ್ ನಿರಾಕರಿಸುತ್ತದೆ. ಮಾಲೀಕ ಮನೆಬಳಕೆಗೆ ಒಯ್ದದ್ದು (ಜಿ) ಖಂಡಕ್ಕೆ ಸೇರುತ್ತದೆ. ನಷ್ಟವುಂಡವನಿಗೆ ಮತ್ತೆ ಹೊರೆಯೇಕೆ ಎಂಬ ಆಕ್ಷೇಪಕ್ಕೆ ನ್ಯಾಯದ ತೂಕವಿದೆ. ಆದರೆ ಮುಂದಿನ ಮಾರಾಟದ ಮೇಲೆ ತೆರಿಗೆ ಬರುತ್ತದೆಂಬ ನಂಬಿಕೆಯ ಮೇಲೆಯೇ ಕ್ರೆಡಿಟ್ ನಿಂತಿದೆ. ಆ ಮಾರಾಟವೇ ಇಲ್ಲದಾದಾಗ ಸರಪಳಿ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ವಾದ ಉಳಿಯುವುದು ಮೊತ್ತದ ಬಗ್ಗೆ. ವಾಪಸಾತಿಯ ಅಳತೆ ನಾಶವಾದ ಸರಕಿನ ಖರೀದಿ ತೆರಿಗೆಯೇ ಹೊರತು ಲಾಭ-ನಷ್ಟ ಪತ್ರದಲ್ಲಿ ಕಾಣುವ 'ಬೆಂಕಿ ನಷ್ಟ'ದ ಸಾಲಲ್ಲ. ಆ ಸಾಲಿನಲ್ಲಿ ಪೀಠೋಪಕರಣ, ರಿಪೇರಿ, ಕೂಲಿ ಎಲ್ಲವೂ ಬೆರೆತಿರಬಹುದು. ಒಬ್ಬ ಔಷಧಿ ವ್ಯಾಪಾರಿಯ ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಆರಂಭದ ದಾಸ್ತಾನು 8 ಲಕ್ಷ, ಖರೀದಿ 30 ಲಕ್ಷ, ಮಾರಾಟ 40 ಲಕ್ಷ. ಮಾರಾಟದಲ್ಲಿ ಶೇ 20 ಲಾಭವೆಂದರೆ ಮಾರಿದ ಸರಕಿನ ಅಸಲು 32 ಲಕ್ಷ, ಅಂಗಡಿಯಲ್ಲಿ ಇರಬೇಕಾದದ್ದು 6 ಲಕ್ಷ. ಒಂದೂವರೆ ಲಕ್ಷದ ಸರಕು ಉಳಿದಿದ್ದರೆ ನಾಶವಾದದ್ದು ನಾಲ್ಕೂವರೆ ಲಕ್ಷ. ಆಗಿನ ಶೇ 12ರ ದರದಲ್ಲಿ ವಾಪಸಾತಿ 54,000 ರೂಪಾಯಿ. ಹೊಗೆ ಹಿಡಿದ ಮಾಲು ಕಡಿಮೆ ಬೆಲೆಗೆ ಮಾರಾಟವಾದರೆ ಅದು ನಾಶವಾದ ಸರಕಲ್ಲ: ಬಂದ ಬೆಲೆಯ ಮೇಲೆ ತೆರಿಗೆ ಕಟ್ಟಿದರೆ ಸಾಕು.

ಪುರಾವೆಯ ಹೊಣೆ ಕಲಂ 155ರಂತೆ ವ್ಯಾಪಾರಿಯದೇ ಎಂದು ಅಧಿಕಾರಿ ಹೇಳಬಹುದು. ಅದು ಸರಿಯೇ, ಮತ್ತು ಪುಸ್ತಕಗಳೂ ಸುಟ್ಟಿರುತ್ತವೆ. ಆದರೂ ಪೋರ್ಟಲ್‌ನ ಜಿಎಸ್‌ಟಿಆರ್-2ಎ ಖರೀದಿಯನ್ನೂ ಜಿಎಸ್‌ಟಿಆರ್-1 ಮಾರಾಟವನ್ನೂ ತೋರಿಸುತ್ತವೆ. ಮೇಲಿನ ಲೆಕ್ಕವನ್ನು ಅವುಗಳಿಂದ ಕಟ್ಟಬಹುದು. ಅಗ್ನಿಶಾಮಕ ದಳದ ವರದಿ, ಕಳುವಾದರೆ ಎಫ್‌ಐಆರ್, ವಿಮಾ ಸರ್ವೇಯರನ ವರದಿ ಘಟನೆಗೆ ಸಾಕ್ಷಿ. ಅವು ಇಲ್ಲದಿದ್ದರೆ ಕಲಂ 35(6) ಎದುರಾಗುತ್ತದೆ: ಲೆಕ್ಕಕ್ಕೆ ಸಿಗದ ಸರಕನ್ನು ಮಾರಿದಂತೆಯೇ ಭಾವಿಸಬಹುದು. ಆಗ ತೆರಿಗೆ ಅಸಲಿನ ಮೇಲಲ್ಲ, ಸುಮಾರು 5.6 ಲಕ್ಷದ ಮಾರಾಟ ಬೆಲೆಯ ಮೇಲೆ, ಅಂದರೆ 67,500 ರೂಪಾಯಿ. ಕಳುವಿನ ದೂರು ಕೊಡಲು ಸೋಮಾರಿತನ ತೋರುವವರು ಗಮನಿಸದೇ ಬಿಡುವುದು ಇದನ್ನೇ.

ಕಾಲವೂ ಇಲ್ಲಿ ತೊಡಕು. 2018-19ರ ಸಾಲಿಗೆ ಕಲಂ 73ರ ಆದೇಶದ ಗಡುವನ್ನು 2024ರ ಏಪ್ರಿಲ್ 30ರವರೆಗೆ ವಿಸ್ತರಿಸಲಾಗಿತ್ತು. ವಿಮೆಯ ಕ್ಲೇಮು ಅಷ್ಟು ಕಾಯುವುದಿಲ್ಲ. ಕ್ರೆಡಿಟ್ ಸಿಗುವ ತೆರಿಗೆಯನ್ನು ವಿಮಾ ಕಂಪನಿ ಸಾಮಾನ್ಯವಾಗಿ ನಷ್ಟದಿಂದ ಕಳೆಯುತ್ತದೆ. ವಾಪಸು ಮಾಡಿದ ತೆರಿಗೆಯಾದರೆ ಅದು ಅಸಲಿಗೆ ಸೇರುತ್ತದೆ. ನಷ್ಟವಾದ ತಿಂಗಳ 3ಬಿ ರಿಟರ್ನ್‌ನಲ್ಲೇ ವಾಪಸಾತಿ ತೋರಿಸಿದವನು ಆ 54,000ವನ್ನು ಕ್ಲೇಮಿನಲ್ಲಿ ಕೇಳಬಹುದು; ಐದು ವರ್ಷ ಕಳೆದು ನೋಟಿಸ್ ಬರುವ ಹೊತ್ತಿಗೆ ಕ್ಲೇಮು ಇತ್ಯರ್ಥವಾಗಿ ಮುಗಿದಿರುತ್ತದೆ.