ಹಡಗಿನ ಎಡ, ಹೊಳೆಯ ಎಡ: ನೌಕಾಪದಗಳ ಚರಿತ್ರೆ ಮತ್ತು ಕನ್ನಡದ ದಿಕ್ಸೂಚಕಗಳು

ಹಾಯಿದೋಣಿ ನಡೆಸುವುದನ್ನು ಕಲಿಸುವ ಯಾವುದೇ ಕೈಪಿಡಿಯ ಮೊದಲ ಪುಟಗಳಲ್ಲಿ ನಾಲ್ಕು ಪದಗಳು ಬರುತ್ತವೆ. ದೋಣಿಯ ಮುಂತುದಿ ‘ಬೋ’, ಹಿಂತುದಿ ‘ಸ್ಟರ್ನ್’. ಹಿಂತುದಿಯಲ್ಲಿ ನಿಂತು ಮುಂತುದಿಯ ಕಡೆ ನೋಡಿದಾಗ ಎಡಕ್ಕೆ ಬರುವ ಪಕ್ಕ ‘ಪೋರ್ಟ್’, ಬಲಕ್ಕೆ ಬರುವ ಪಕ್ಕ ‘ಸ್ಟಾರ್‌ಬೋರ್ಡ್’. ಇದಾದ ಮೇಲೆ ಕೈಪಿಡಿಯಲ್ಲಿ ಎಡ, ಬಲ ಎಂಬ ಪದಗಳು ಹೆಚ್ಚುಕಡಿಮೆ ಮರೆಯಾಗುತ್ತವೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಎಡಬಲಗಳು ನೋಡುವವನ ಮುಖ ತಿರುಗಿದಂತೆ ಬದಲಾಗುತ್ತವೆ, ಪೋರ್ಟ್ ಮತ್ತು ಸ್ಟಾರ್‌ಬೋರ್ಡ್ ಬದಲಾಗುವುದಿಲ್ಲ. ಈ ವಿವರಣೆ ತಪ್ಪಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಕಾಣಲು ಸಮುದ್ರವಿಲ್ಲದ ಹಾಸನ ಜಿಲ್ಲೆಯ ಒಂದು ಬಳಕೆ ನೆರವಾಗುತ್ತದೆ.

ಸ್ಟೀಫನ್ ಲೆವಿನ್ಸನ್ ಅವರ ವರ್ಗೀಕರಣದಲ್ಲಿ ಸ್ಥಳವನ್ನು ಹೇಳುವ ಚೌಕಟ್ಟುಗಳು ಮೂರು. ವಸ್ತುವಿನ ಸ್ವಂತ ಮುಖ-ಬೆನ್ನುಗಳನ್ನು ಆಧರಿಸಿ ಹೇಳುವುದು ವಸ್ತುನಿಷ್ಠ ಚೌಕಟ್ಟು. ನೋಡುವವನ ದೃಷ್ಟಿಯನ್ನು ಆಧರಿಸಿ ಹೇಳುವುದು ಸಾಪೇಕ್ಷ ಚೌಕಟ್ಟು. ಮೂಡಣ, ಪಡುವಣಗಳಂತಹ ಹೊರಗಿನ ಸ್ಥಿರ ದಿಕ್ಕನ್ನು ಆಧರಿಸಿ ಹೇಳುವುದು ನಿರಪೇಕ್ಷ ಚೌಕಟ್ಟು. ಕನ್ನಡದ ‘ಎಡ’ ಮೊದಲ ಎರಡರಲ್ಲೂ ಸಂಚರಿಸುತ್ತದೆ. ‘ಮರದ ಎಡಗಡೆ’ ಎಂದಾಗ ಮರಕ್ಕೆ ಮುಖವಿಲ್ಲದ ಕಾರಣ ಅರ್ಥ ನೋಡುವವನಿಂದಲೇ ಬರಬೇಕು. ‘ಅವನ ಎಡಗೈ’ ಎಂದಾಗ ನೋಡುವವನಿಗೆ ಅಲ್ಲಿ ಅಧಿಕಾರವೇ ಇಲ್ಲ. ಎದುರಿಗೆ ನಿಂತು ನೋಡಿದರೂ ಅದು ಅವನ ಎಡಗೈಯೇ. ತೊಡಕಿರುವುದು ‘ಬಸ್ಸಿನ ಎಡಗಡೆ’ ಎಂಬಂತಹ ಪ್ರಯೋಗದಲ್ಲಿ. ಬಸ್ಸಿಗೆ ಮುಖವಿದೆ, ಆದ್ದರಿಂದ ಅದು ಬಸ್ಸಿನ ಎಡವಿರಬಹುದು. ಅದನ್ನು ಎದುರಿನಿಂದ ನೋಡುತ್ತಿರುವವನ ಎಡವೂ ಇರಬಹುದು. ಹಡಗು ಈ ಮೂರನೆಯ ಗುಂಪಿಗೆ ಸೇರಿದ ವಸ್ತು.

ಹಾಗಾದರೆ ನಾವಿಕರ ಕಷ್ಟ ವಸ್ತುನಿಷ್ಠವಾದ ಎಡವೊಂದು ಭಾಷೆಯಲ್ಲಿ ಇಲ್ಲವೆಂಬುದಲ್ಲ. ಅದು ಇದೆ; ಆದರೆ ಅದೇ ಪದದೊಳಗೆ ಸಾಪೇಕ್ಷವಾದ ಎಡವೂ ಇದೆ. ಪೋರ್ಟ್ ಎಂಬ ಪದ ಹೊಸ ಅರ್ಥವೊಂದನ್ನು ಸೇರಿಸುವುದಿಲ್ಲ, ಇದ್ದ ಎರಡರಲ್ಲಿ ಒಂದನ್ನು ತೆಗೆದುಹಾಕುತ್ತದೆ. ಬೋ ಮತ್ತು ಸ್ಟರ್ನ್‌ಗಳ ಕೆಲಸವೂ ಇದೇ. ‘ಕಂಬದ ಹಿಂದೆ’ ಎಂಬುದು ನೋಡುವವನನ್ನು ಅವಲಂಬಿಸಿದೆ. ಹಡಗು ಹಿಮ್ಮುಖವಾಗಿ ಚಲಿಸುವಾಗ ‘ಮುಂದೆ’ ಎಂದರೆ ಚಲನೆಯ ದಿಕ್ಕೋ ಹಡಗಿನ ಮೂತಿಯೋ ಎಂಬ ಸಂಶಯವೂ ಏಳುತ್ತದೆ. ಬೋ ಮಾತ್ರ ಹಡಗು ಯಾವ ಕಡೆಗೆ ಸರಿದರೂ ಬೋ ಆಗಿಯೇ ಉಳಿಯುತ್ತದೆ.

ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನಿಂದ ಹೊರಡುವ ನಾಲೆಗಳ ಹೆಸರುಗಳು ಇದೇ ಸಮಸ್ಯೆಗೆ ಬೇರೊಂದು ಉತ್ತರ ಕೊಟ್ಟಿವೆ. ದಂಡಿಗನಹಳ್ಳಿ ಹೋಬಳಿಯಿರುವ ಚನ್ನರಾಯಪಟ್ಟಣ ತಾಲ್ಲೂಕಿನ ಕಡೆಗೆ ಹೋಗುವುದು ಎಡದಂಡೆ ನಾಲೆ. ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳ ನೆಲಕ್ಕೆ ನೀರುಣಿಸುವುದು ಬಲದಂಡೆಯ ನಾಲೆಗಳು. ಇಲ್ಲಿನ ಎಡಬಲಗಳು ನದಿಯವು: ನೀರು ಹರಿಯುವ ಕಡೆಗೆ ಮುಖಮಾಡಿದಾಗ ಎಡಕ್ಕೆ ಬರುವುದು ಎಡದಂಡೆ. ಅಣೆಕಟ್ಟಿನ ಮೇಲೆ ನಿಂತು ಜಲಾಶಯವನ್ನು ನೋಡುವವನು ಹರಿವಿಗೆ ಎದುರಾಗಿ ನಿಂತಿರುತ್ತಾನೆ. ಎಡದಂಡೆ ಅವನ ಬಲಗೈ ಕಡೆಗಿರುತ್ತದೆ. ಆದರೂ ‘ಎಡದಂಡೆ ನಾಲೆಗೆ ನೀರು ಬಿಟ್ಟರು’ ಎಂಬ ಸುದ್ದಿಯನ್ನು ಓದಿದ ರೈತನಿಗೆ ಗೊಂದಲವಾಗುವುದಿಲ್ಲ. ‘ಎಡದಂಡೆ’ ಎಂಬ ಸಮಾಸ ‘ಎಡಗೈ’ಯ ಜಾತಿಗೆ ಸೇರಿದ್ದು. ಸಮಾಸವಾದೊಡನೆ ಎಡವು ಅಂಗದ ಹೆಸರಿನ ಭಾಗವಾಗುತ್ತದೆ, ಸಾಪೇಕ್ಷ ಅರ್ಥದ ಬಾಗಿಲು ಮುಚ್ಚುತ್ತದೆ. ಇಂಗ್ಲಿಷ್ ನಾವಿಕರು ಬೇರೆ ಪದಗಳಿಂದ ಸಾಧಿಸಿದ್ದನ್ನು ನೀರಾವರಿ ಕನ್ನಡ ಪದರಚನೆಯಿಂದ ಸಾಧಿಸಿದೆ.

ನಾವಿಕರ ಪದಗಳೂ ಮೂಲದಲ್ಲಿ ಅಂಗಗಳ ಹೆಸರುಗಳೇ ಆಗಿದ್ದವು. ಹಿಂತುದಿಯ ನಡುವೆ ಕೂರಿಸುವ ಚುಕ್ಕಾಣಿ ಬರುವ ಮೊದಲು ಉತ್ತರ ಯುರೋಪಿನ ಹಡಗುಗಳನ್ನು ಹಿಂಭಾಗದ ಬಲಪಕ್ಕದಲ್ಲಿ ಕಟ್ಟಿದ ದೊಡ್ಡ ಹುಟ್ಟಿನಿಂದ ತಿರುಗಿಸುತ್ತಿದ್ದರು. ಹಳೆಯ ಇಂಗ್ಲಿಷಿನ ‘ಸ್ಟೇಓರ್‌ಬೋರ್ಡ್’ ಎಂದರೆ ‘ನಡೆಸುವ ಪಕ್ಕ’. ಅದರ ಎದುರು ಪಕ್ಕಕ್ಕೆ ಡಚ್ ಭಾಷೆಯಲ್ಲಿ ‘ಬಾಕ್‌ಬೋರ್ಡ್’, ಅಂದರೆ ‘ಬೆನ್ನಿನ ಪಕ್ಕ’, ಎಂಬ ಹೆಸರಿದೆ. ಹುಟ್ಟು ಹಿಡಿದವನ ಬೆನ್ನು ಆ ಕಡೆಗಿರುತ್ತಿತ್ತೆಂಬುದು ಸಾಮಾನ್ಯ ವಿವರಣೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅದು ‘ಲಾಡೆಬೋರ್ಡ್’. ಇದನ್ನು ‘ಸರಕು ತುಂಬುವ ಪಕ್ಕ’ ಎಂದು ಅರ್ಥೈಸುತ್ತಾರೆ. ಹುಟ್ಟು ಮುರಿಯದಿರಲೆಂದು ಹಡಗನ್ನು ದಡಕ್ಕೆ ತಾಗಿಸುತ್ತಿದ್ದುದು ಎಡಪಕ್ಕದಿಂದ. ಮುಂದೆ ಈ ಪದ ತನ್ನ ಜೋಡಿಪದದ ಸಾದೃಶ್ಯಕ್ಕೆ ಒಳಗಾಗಿ ‘ಲಾರ್‌ಬೋರ್ಡ್’ ಆಯಿತು.

ಜೋಡಿಪದಗಳು ಒಂದನ್ನೊಂದು ಹೋಲುವಂತೆ ಬದಲಾಗುವುದು ಭಾಷೆಗಳಲ್ಲಿ ಸಾಮಾನ್ಯ. ಹಡಗಿನ ಮೇಲೆ ಮಾತ್ರ ಅದು ಅಪಾಯ. ‘ಸ್ಟಾರ್‌ಬೋರ್ಡ್’, ‘ಲಾರ್‌ಬೋರ್ಡ್’ ಎಂಬೆರಡು ಕೂಗುಗಳಲ್ಲಿ ಗಾಳಿಗೆ ಮೊದಲು ಕಳೆದುಹೋಗುವುದು ಅವುಗಳನ್ನು ಬೇರ್ಪಡಿಸುವ ಆರಂಭದ ವ್ಯಂಜನಗಳು. ಚುಕ್ಕಾಣಿಗೆ ಕೊಡುವ ಆಜ್ಞೆಗಳಲ್ಲಿ ‘ಪೋರ್ಟ್’ ಎಂಬ ಬದಲಿ ಪದ ಬಹಳ ಹಿಂದಿನಿಂದಲೂ ಬಳಕೆಯಲ್ಲಿತ್ತು. ಬ್ರಿಟಿಷ್ ನೌಕಾಪಡೆ 1844ರಲ್ಲಿ, ಅಮೆರಿಕದ ನೌಕಾಪಡೆ 1846ರಲ್ಲಿ ಲಾರ್‌ಬೋರ್ಡ್ ಅನ್ನು ಕೈಬಿಟ್ಟು ಪೋರ್ಟ್ ಅನ್ನೇ ಬಳಸಬೇಕೆಂದು ಆಜ್ಞೆ ಹೊರಡಿಸಿದವು. ಅರ್ಥ ಸ್ಪಷ್ಟವಾಗಿದ್ದ ಪದವೊಂದು ಧ್ವನಿಯ ಕಾರಣಕ್ಕಾಗಿ, ಆಜ್ಞೆಯ ಮೂಲಕ, ಕೋಶದಿಂದ ಹೊರಬಿದ್ದ ನಿದರ್ಶನವಿದು.

ಇಷ್ಟಾದರೂ ಸಂದಿಗ್ಧತೆ ಮುಗಿಯಲಿಲ್ಲ. ಬೇರೊಂದು ಕಡೆ ಉಳಿದುಕೊಂಡಿತು. ಚುಕ್ಕಾಣಿಯ ಹಲಗೆ ನೀರಿನಲ್ಲಿರುತ್ತದೆ, ಅದನ್ನು ತಿರುಗಿಸುವ ಹಿಡಿಗೋಲು ಹಡಗಿನೊಳಕ್ಕೆ ಚಾಚಿರುತ್ತದೆ. ಹಿಡಿಗೋಲನ್ನು ಸ್ಟಾರ್‌ಬೋರ್ಡಿಗೆ ತಳ್ಳಿದರೆ ಹಲಗೆ ಪೋರ್ಟಿಗೆ ತಿರುಗುತ್ತದೆ, ಹಡಗಿನ ಮೂತಿಯೂ ಪೋರ್ಟಿಗೆ ಹೊರಳುತ್ತದೆ. ಹಳೆಯ ಪದ್ಧತಿಯಲ್ಲಿ ‘ಸ್ಟಾರ್‌ಬೋರ್ಡ್’ ಎಂಬ ಆಜ್ಞೆ ಹಿಡಿಗೋಲನ್ನು ಕುರಿತದ್ದು. ಹಿಡಿಗೋಲಿನ ಬದಲು ಚಕ್ರ ಬಂದ ಮೇಲೂ ಆ ಅರ್ಥ ಉಳಿಯಿತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಅಧಿಕಾರಿ ವಿಲಿಯಂ ಮರ್ಡಾಕ್ ಹಿಮಗಡ್ಡೆಯನ್ನು ತಪ್ಪಿಸಲು ಕೊಟ್ಟ ಆಜ್ಞೆ ‘ಪೂರಾ ಸ್ಟಾರ್‌ಬೋರ್ಡಿಗೆ’ ಎಂಬುದು; ಹಡಗು ತಿರುಗಿದ್ದು ಪೋರ್ಟಿಗೆ. ಅದು ಎಡವಟ್ಟಲ್ಲ. ಅಂದಿನ ರೂಢಿಯಂತೆ ಹೇಳಿದ್ದೂ ಕೇಳಿಸಿಕೊಂಡದ್ದೂ ಸರಿಯಾಗಿಯೇ ಇತ್ತು. ಬ್ರಿಟಿಷ್ ಹಡಗುಗಳಲ್ಲಿ ಆಜ್ಞೆಯ ಪದವೂ ಹಡಗು ತಿರುಗುವ ದಿಕ್ಕೂ ಒಂದೇ ಆಗಬೇಕೆಂಬ ನಿಯಮ ಜಾರಿಗೆ ಬಂದದ್ದು 1933ರಲ್ಲಿ. ಇದರಿಂದ ತಿಳಿಯುವ ಸಂಗತಿ ಇಷ್ಟು: ಚೌಕಟ್ಟನ್ನು ಸ್ಥಿರಗೊಳಿಸಿದರೆ ಸಾಲದು, ಚಲಿಸುವ ವಸ್ತು ಯಾವುದೆಂಬುದೂ ಸ್ಥಿರವಾಗಬೇಕು. ಪೋರ್ಟ್ ಮತ್ತು ಸ್ಟಾರ್‌ಬೋರ್ಡ್ ಮೊದಲನೆಯದನ್ನು ಮಾತ್ರ ಮಾಡುತ್ತವೆ.

ಹಡಗಿನ ಎಡವೂ ಹೊಳೆಯ ಎಡವೂ ಒಂದೇ ನೀರಿನಲ್ಲಿ ಎದುರಾಗುವ ಜಾಗವನ್ನು ಈಗ ನೋಡಬಹುದು. ಹೊನ್ನಾವರದಲ್ಲಿ ಶರಾವತಿ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತದೆ. ಪಟ್ಟಣ ಉತ್ತರದ ದಡದಲ್ಲಿದೆ, ಕಾಸರಕೋಡು ದಕ್ಷಿಣದ ದಡದಲ್ಲಿದೆ. ಹರಿವಿನ ಕಡೆಗೆ, ಅಂದರೆ ಪಶ್ಚಿಮಕ್ಕೆ, ಮುಖಮಾಡಿದರೆ ಎಡಕ್ಕೆ ದಕ್ಷಿಣ. ಆದ್ದರಿಂದ ಕಾಸರಕೋಡು ಶರಾವತಿಯ ಎಡದಂಡೆ. ಮೀನು ಹಿಡಿದು ಅಳಿವೆಯೊಳಕ್ಕೆ ಬರುವ ದೋಣಿಯ ಮೂತಿ ಪೂರ್ವಕ್ಕಿರುತ್ತದೆ. ಅದರ ಸ್ಟಾರ್‌ಬೋರ್ಡ್ ಪಕ್ಕ ದಕ್ಷಿಣಕ್ಕೆ, ಅಂದರೆ ಕಾಸರಕೋಡಿನ ಕಡೆಗೆ. ನದಿಯ ಎಡದಂಡೆ ದೋಣಿಯ ಬಲಪಕ್ಕದಲ್ಲಿದೆ. ಅದೇ ದೋಣಿ ಮರುದಿನ ಹೊರಗೆ ಹೋಗುವಾಗ ಕಾಸರಕೋಡು ಅದರ ಪೋರ್ಟ್ ಪಕ್ಕಕ್ಕೆ ಬರುತ್ತದೆ.

ಜಲಮಾರ್ಗದ ಗುರುತುಗಳು ಇದಕ್ಕೆ ಮೂರನೆಯ ಪದರವೊಂದನ್ನು ಸೇರಿಸುತ್ತವೆ. ಭಾರತ ಅನುಸರಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸಮುದ್ರದಿಂದ ಬಂದರಿಗೆ ಬರುವ ಹಡಗಿಗೆ ಕೆಂಪು ಗುರುತುಗಳು ಪೋರ್ಟಿಗೆ, ಹಸಿರು ಗುರುತುಗಳು ಸ್ಟಾರ್‌ಬೋರ್ಡಿಗೆ ಇರಬೇಕು. ಹೊರಗೆ ಹೋಗುವ ಹಡಗಿಗೆ ಇದು ಅದಲುಬದಲು. ಆದರೂ ಕೆಂಪು ಗುರುತಿನ ಹೆಸರು ‘ಪೋರ್ಟ್ ಕಡೆಯ ಗುರುತು’ ಎಂದೇ ಉಳಿಯುತ್ತದೆ. ಇಲ್ಲಿ ಪೋರ್ಟ್ ಎಂಬುದು ನಿಮ್ಮ ಹಡಗಿನದಲ್ಲ, ಒಳಬರುತ್ತಿರುವ ಒಂದು ಕಲ್ಪಿತ ಹಡಗಿನದು. ಅಂದರೆ ವಸ್ತುವಿಗೆ ಅಂಟಿಕೊಂಡಿದ್ದ ಪದ ದಾರಿಗೆ ಅಂಟಿಕೊಂಡಿದೆ. ನದಿಯ ಎಡದಂಡೆಯಂತೆಯೇ, ಆದರೆ ವಿರುದ್ಧ ದಿಕ್ಕಿನಲ್ಲಿ. ಅಳಿವೆಯ ನಕ್ಷೆಯಲ್ಲಿ ‘ಎಡ’ ಎಂದು ಮಾತ್ರ ಬರೆದರೆ ಓದುಗ ಹರಿವಿನ ಎಡ, ದೋಣಿಯ ಎಡ, ದಾರಿಯ ಎಡ ಎಂಬ ಮೂರರಲ್ಲಿ ಒಂದನ್ನು ಊಹಿಸಬೇಕಾಗುತ್ತದೆ.

ಭಾರತೀಯ ನಾವಿಕರು ಈ ಕೆಲಸವನ್ನು ಹೇಗೆ ಮಾಡಿಕೊಂಡರು? ಹಾಯಿಹಡಗುಗಳ ಕಾಲದ ಲಷ್ಕರರ ಮಿಶ್ರಭಾಷೆಯನ್ನು ಥಾಮಸ್ ರೋಬಕ್ 1811ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ನೌಕಾಕೋಶದಲ್ಲಿ ಸಂಗ್ರಹಿಸಿದ. ಆ ಭಾಷೆಯಲ್ಲಿ ಸ್ಟಾರ್‌ಬೋರ್ಡಿಗೆ ‘ಜಮ್ನಾ’, ಪೋರ್ಟಿಗೆ ‘ಡಾವಾ’. ಗುಜರಾತಿಯ ‘ಜಮಣುಂ’ ಎಂದರೆ ಬಲ, ಮರಾಠಿಯ ‘ಡಾವಾ’ ಎಂದರೆ ಎಡ. ಪಶ್ಚಿಮ ಕರಾವಳಿಯವರ ಬಾಯಲ್ಲಿ ಇವು ಮನೆಮಾತಿನ ಎಡಬಲಗಳೇ. ಆದರೆ ಮನೆಯಲ್ಲಿ ‘ದಾಯಾಂ, ಬಾಯಾಂ’ ಎನ್ನುವ ಹಿಂದೂಸ್ಥಾನಿ ನಾವಿಕನಿಗೆ ಅವು ಹಡಗಿನ ಮೇಲಷ್ಟೇ ಕೇಳಿಸುವ ಪದಗಳು. ಸಾಪೇಕ್ಷ ಅರ್ಥ ಅವನ ಮಟ್ಟಿಗೆ ತಾನಾಗಿ ಕಳಚಿಕೊಂಡಿರುತ್ತದೆ. ಎರವಲಿನ ಈ ಲಾಭ ಅರ್ಥದಿಂದ ಬಂದುದಲ್ಲ, ಪರಕೀಯತೆಯಿಂದ ಬಂದುದು. ಕನ್ನಡದ ‘ಚುಕ್ಕಾಣಿ’ಯ ಮೂಲದಲ್ಲಿರುವ ಅರಬ್ಬಿಯ ‘ಸುಕ್ಕಾನ್’ ಕೂಡ ಇಂತಹ ಪ್ರಯಾಣಿಕ.

ಕನ್ನಡದಲ್ಲಿ ಹಾಯಿದೋಣಿಯ ಕೈಪಿಡಿ ಬರೆಯುವವನ ಮುಂದೆ ಈ ಚರಿತ್ರೆ ಎರಡು ದಾರಿಗಳನ್ನಿಡುತ್ತದೆ, ಒಂದನ್ನು ಮುಚ್ಚುತ್ತದೆ. ಮುಚ್ಚುವುದು ಪೋರ್ಟ್ ಅನ್ನು ‘ಬಂದರುಬದಿ’ ಎಂದು ಪದಶಃ ಅನುವಾದಿಸುವ ದಾರಿ. ಹಡಗು ಬಂದರಿಗೆ ಸ್ಟಾರ್‌ಬೋರ್ಡ್ ಪಕ್ಕವನ್ನು ತಾಗಿಸಿ ನಿಂತ ದಿನ ಆ ಪದ ಸುಳ್ಳಾಡುತ್ತದೆ. ಕೂಗಿ ಹೇಳುವ ಆಜ್ಞೆಗೆ ಪೋರ್ಟ್, ಸ್ಟಾರ್‌ಬೋರ್ಡ್‌ಗಳನ್ನೇ ಉಳಿಸಿಕೊಳ್ಳುವುದು ಉಚಿತ. ಅವು ಮನೆಯ ಪದಗಳಲ್ಲ ಎಂಬುದೇ ಅವುಗಳ ಗುಣ. ಜೊತೆಗೆ ಅವು ಬೇರೆ ಭಾಷೆಯ ಹಡಗಿನವನಿಗೂ ತಿಳಿಯುತ್ತವೆ. ವಿವರಣೆಯ ಗದ್ಯಕ್ಕೆ ‘ಹಡಗಿನ ಎಡಗಡೆ’ ಎಂಬ ಸಡಿಲ ಪ್ರಯೋಗಕ್ಕಿಂತ ‘ಎಡಮಗ್ಗುಲು’, ‘ಬಲಮಗ್ಗುಲು’ ಎಂಬ ಸಮಾಸಗಳು ಮೇಲು. ಮಗ್ಗುಲು ಮೈಯ ಭಾಗ. ಮಲಗಿದವನನ್ನು ಯಾವ ಕಡೆಯಿಂದ ನೋಡಿದರೂ ಅವನ ಎಡಮಗ್ಗುಲು ಬದಲಾಗುವುದಿಲ್ಲ. ಹಡಗಿಗೂ ಒಂದು ಮೈಯಿದೆಯೆಂದು ಒಪ್ಪಿದರೆ ಅದರ ಎಡಮಗ್ಗುಲೂ ಬದಲಾಗದು. ಹೇಮಾವತಿಗೆ ಎಡದಂಡೆಯನ್ನು ಕೊಟ್ಟ ಪದರಚನೆಯೇ ಇಲ್ಲಿಯೂ ಸಾಕಾಗುತ್ತದೆ.