ಓದಲು ಬಾರದವರ ಕೈಗೆ ಬಂದ ಪುಸ್ತಕ: 1525ರ ಹನ್ನೆರಡು ಬೇಡಿಕೆಗಳು

ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ನಾವೆಲ್ಲ ಓದಿದ ಒಂದು ವಾಕ್ಯವಿದೆ: ಗುಟೆನ್‌ಬರ್ಗನು ಮುದ್ರಣಯಂತ್ರವನ್ನು ರೂಪಿಸಿದ್ದರಿಂದ ಜ್ಞಾನ ಜನಸಾಮಾನ್ಯರಿಗೆ ತಲುಪಿತು. ತರಗತಿಯಲ್ಲಿ ಇದನ್ನು ವಿವರಿಸುವಾಗಲೆಲ್ಲ ನನಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಆಗ ಜರ್ಮನಿಯ ಹಳ್ಳಿಗಳಲ್ಲಿ ಓದುಬರಹ ಬಲ್ಲವರು ಬೆರಳೆಣಿಕೆಯಷ್ಟು. ಓದಲು ಬಾರದವರಿಗೆ ಅಚ್ಚಿನ ಪುಸ್ತಕದಿಂದ ಏನು ಪ್ರಯೋಜನ? ಇದಕ್ಕೆ ಉತ್ತರ ಸಿಗುವುದು ಗುಟೆನ್‌ಬರ್ಗನ ಬೈಬಲ್‌ನಲ್ಲಿ ಅಲ್ಲ, ಅದಾದ ಎಪ್ಪತ್ತು ವರ್ಷಗಳ ನಂತರ ರೈತರೇ ಅಚ್ಚು ಹಾಕಿಸಿದ ಒಂದು ಸಣ್ಣ ಹೊತ್ತಿಗೆಯಲ್ಲಿ.

1455ರ ಸುಮಾರಿಗೆ ಮೈನ್ಸ್ ನಗರದಲ್ಲಿ ಮುಗಿದ ಗುಟೆನ್‌ಬರ್ಗನ ಬೈಬಲ್ ಲ್ಯಾಟಿನ್ ಭಾಷೆಯಲ್ಲಿತ್ತು. ಸಾವಿರದ ಇನ್ನೂರಕ್ಕೂ ಹೆಚ್ಚು ಪುಟ, ಸುಮಾರು 180 ಪ್ರತಿ. ಅದು ಮಠಗಳಿಗೆ ಮತ್ತು ಸಿರಿವಂತರಿಗೆ ಮಾತ್ರ ಎಟುಕುವ ವಸ್ತು. ಪರಿಸ್ಥಿತಿ ಬದಲಾದದ್ದು ಮಾರ್ಟಿನ್ ಲೂಥರ್ ಕಾಲದಲ್ಲಿ. ಹಣ ಕೊಟ್ಟರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಚರ್ಚು ಮಾರುತ್ತಿದ್ದ ಕ್ಷಮಾಪತ್ರಗಳ ವಿರುದ್ಧ ಅವನು 1517ರಲ್ಲಿ ಬರೆದ 95 ವಾದಗಳು ವಿದ್ವಾಂಸರ ಲ್ಯಾಟಿನ್‌ನಲ್ಲಿದ್ದವು. ಮರುವರ್ಷ ಅದೇ ವಿಷಯವನ್ನು ಅವನು ಜರ್ಮನ್ ಭಾಷೆಯಲ್ಲಿ, ಇಪ್ಪತ್ತು ಚಿಕ್ಕ ಅಂಶಗಳಲ್ಲಿ ಬರೆದ. ಅದು ಬರೀ ಎಂಟು ಪುಟ. ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚೊತ್ತಿ, ಎರಡು ಸಲ ಮಡಚಿದರೆ ಎಂಟು ಪುಟದ ಹೊತ್ತಿಗೆ ಸಿದ್ಧ. ಒಂದೆರಡು ದಿನಗಳಲ್ಲಿ ಸಾವಿರ ಪ್ರತಿ ತೆಗೆಯಬಹುದಿತ್ತು. ಬೇರೆ ಊರಿನ ಮುದ್ರಕನ ಕೈಗೆ ಒಂದು ಪ್ರತಿ ಸಿಕ್ಕರೆ ಸಾಕು, ಅವನು ಯಾರನ್ನೂ ಕೇಳದೆ ತಾನೇ ಮೊಳೆ ಜೋಡಿಸಿ ಮತ್ತೆ ಅಚ್ಚು ಹಾಕುತ್ತಿದ್ದ. ಆ ಒಂದೇ ವರ್ಷದಲ್ಲಿ ಅದು ಹತ್ತಕ್ಕೂ ಹೆಚ್ಚು ಬಾರಿ ಅಚ್ಚಾಯಿತು.

ಇಂಥ ಹೊತ್ತಿಗೆಗಳನ್ನು ಒಬ್ಬರೇ ಕೂತು ಮೌನವಾಗಿ ಓದುತ್ತಿದ್ದುದು ಕಡಿಮೆ. ಅಕ್ಷರ ಬಲ್ಲ ಒಬ್ಬ ಪಾದ್ರಿಯೋ ಕಸುಬುದಾರನೋ ಸಂತೆಯಲ್ಲಿ, ಹೆಂಡದಂಗಡಿಯಲ್ಲಿ, ಚರ್ಚಿನ ಅಂಗಳದಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಹತ್ತಾರು ಜನ ಕೇಳುತ್ತಿದ್ದರು, ನಡುವೆ ಪ್ರಶ್ನೆ ಹಾಕುತ್ತಿದ್ದರು. ಮುಖಪುಟದಲ್ಲಿ ಮರದ ಅಚ್ಚಿನ ಚಿತ್ರವಿದ್ದರೆ ಅದನ್ನು ನೋಡಲು ಅಕ್ಷರವೇ ಬೇಕಿರಲಿಲ್ಲ. ಊರಿಗೊಬ್ಬ ಓದುವವನಿದ್ದರೆ ಇಡೀ ಊರೇ ವಾದದಲ್ಲಿ ಪಾಲುಗೊಳ್ಳಬಹುದಿತ್ತು.

ವಾದ ಮಾಡುವ ಹಕ್ಕು ಯಾರದೆಂಬ ಪ್ರಶ್ನೆ ಎದ್ದದ್ದೂ ಆಗಲೇ. ಲೂಥರನ ವಿಚಾರಗಳನ್ನು ಒಪ್ಪಿದ್ದಕ್ಕೆ ಬವೇರಿಯಾದ ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯವು ಒಬ್ಬ ತರುಣನನ್ನು ಶಿಕ್ಷಿಸಿತು. 1523ರಲ್ಲಿ ಆರ್ಗುಲಾ ಫಾನ್ ಗ್ರುಂಬಾಖ್ ಎಂಬ ಮಹಿಳೆ ಅಲ್ಲಿನ ಪಂಡಿತರಿಗೆ ಪತ್ರ ಬರೆದು, ತನಗೆ ಲ್ಯಾಟಿನ್ ಬಾರದು, ಜರ್ಮನ್‌ನಲ್ಲಿ ತನ್ನೊಡನೆ ಚರ್ಚೆಗೆ ಬನ್ನಿ ಎಂದು ಕರೆದಳು. ಪಂಡಿತರು ಉತ್ತರ ಕೊಡಲಿಲ್ಲ. ಆಕೆಯ ಗಂಡನ ಅಧಿಕಾರ ಹೋಯಿತು. ಆದರೆ ಪತ್ರ ಅಚ್ಚಾಗಿ ಹಲವು ಮುದ್ರಣ ಕಂಡಿತು. ಉತ್ತರ ಬಾರದಿದ್ದುದನ್ನು ನಾಡೆಲ್ಲ ನೋಡಿತು.

ಇನ್ನು ರೈತರ ಹೊತ್ತಿಗೆಗೆ ಬರೋಣ. ದಕ್ಷಿಣ ಜರ್ಮನಿಯ ಮೇಲಣ ಸ್ವೇಬಿಯಾ ಪ್ರಾಂತ್ಯದ ರೈತರು 1525ರ ಆರಂಭದಲ್ಲಿ ಗುಂಪುಗೂಡಿದರು. ಅವರಲ್ಲಿ ಬಾಲ್ಟ್ರಿಂಗನ್ ಎಂಬ ಊರಿನ ಗುಂಪಿಗೆ ಉಲ್ರಿಖ್ ಶ್ಮಿಡ್ ಎಂಬ ಕಮ್ಮಾರ ಮುಖಂಡ. ಹಳ್ಳಿಹಳ್ಳಿಯಿಂದ 300ಕ್ಕೂ ಹೆಚ್ಚು ದೂರುಪಟ್ಟಿಗಳು ಬಂದವು. ಒಂದು ಊರಿನದು ಕಟ್ಟಿಗೆಯ ತಕರಾರು, ಇನ್ನೊಂದರದು ಬಿಟ್ಟಿ ದುಡಿಮೆ, ಮತ್ತೊಂದರದು ಹೊಳೆಯ ಮೀನು. ಬಿಡಿಬಿಡಿಯಾಗಿದ್ದಾಗ ಅವು ಆಯಾ ಜಮೀನುದಾರನ ಎದುರು ಕೈಮುಗಿದು ಹೇಳಿಕೊಳ್ಳುವ ಅಹವಾಲುಗಳಷ್ಟೇ. ಮೆಮ್ಮಿಂಗನ್ ಪಟ್ಟಣದಲ್ಲಿ ತುಪ್ಪಳದ ಉಡುಪು ಹೊಲಿಯುವ ಕಸುಬಿನ ಸೆಬಾಸ್ಟಿಯನ್ ಲೋಟ್ಸರ್ ಎಂಬವನು ಅವೆಲ್ಲವನ್ನೂ ಸೋಸಿ ಹನ್ನೆರಡು ಬೇಡಿಕೆಗಳಿಗೆ ಇಳಿಸಿದ. ಪ್ರವಚನಕಾರ ಕ್ರಿಸ್ಟೋಫ್ ಶಾಪೆಲರ್ ಅವನಿಗೆ ನೆರವಾದನೆಂದು ನಂಬಲಾಗಿದೆ.

ಬೇಡಿಕೆಗಳು ನಮ್ಮ ಊರಿನವರಿಗೂ ಥಟ್ಟನೆ ಅರ್ಥವಾಗುವಂಥವು. ಊರಿನ ಪಾದ್ರಿಯನ್ನು ಊರವರೇ ಆರಿಸಬೇಕು. ಧಾನ್ಯದ ಹತ್ತರಲ್ಲೊಂದು ಪಾಲನ್ನು ಕೊಡುತ್ತೇವೆ, ಆದರೆ ಅದು ಪಾದ್ರಿಯ ಜೀವನಕ್ಕೆ ಮತ್ತು ಬಡವರಿಗೆ ಸಲ್ಲಬೇಕು. ನಮ್ಮನ್ನು ಒಡೆಯರ ಸ್ವತ್ತೆಂದು ಎಣಿಸುವುದು ನಿಲ್ಲಬೇಕು. ಕಾಡಿನ ಕಟ್ಟಿಗೆ, ಹೊಳೆಯ ಮೀನು, ಗೋಮಾಳದ ಮೇಲೆ ಊರಿಗೆ ಹಕ್ಕಿರಬೇಕು. ಹನ್ನೊಂದನೆಯ ಬೇಡಿಕೆ ಸಾವಿನ ತೆರಿಗೆಯದು. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನವನ್ನೋ ಒಳ್ಳೆಯ ಬಟ್ಟೆಯನ್ನೋ ಒಡೆಯ ಎತ್ತಿಕೊಂಡು ಹೋಗುವ ಪದ್ಧತಿಯಿತ್ತು. ವಿಧವೆಯರನ್ನೂ ತಬ್ಬಲಿಗಳನ್ನೂ ಹೀಗೆ ಸುಲಿಯುವುದು ನಿಲ್ಲಲಿ ಎಂದು ಅವರು ಕೇಳಿದರು.

ಹನ್ನೆರಡನೆಯ ಬೇಡಿಕೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಇವುಗಳಲ್ಲಿ ಯಾವುದಾದರೂ ಬೈಬಲ್‌ಗೆ ವಿರುದ್ಧವೆಂದು ಆಧಾರಸಹಿತ ತೋರಿಸಿದರೆ ಅದನ್ನು ಕೈಬಿಡುತ್ತೇವೆ ಎಂದು ಅವರು ಬರೆದರು. ಪ್ರತಿ ಬೇಡಿಕೆಯ ಪಕ್ಕದ ಅಂಚಿನಲ್ಲಿ ಬೈಬಲ್‌ನ ಯಾವ ಭಾಗ ಅದಕ್ಕೆ ಆಧಾರವೆಂದು ಸೂಚಿಸಿದ್ದರು. ಲೂಥರನ ಹೊಸ ಒಡಂಬಡಿಕೆ 1522ರಲ್ಲೇ ಜರ್ಮನ್‌ನಲ್ಲಿ ಅಚ್ಚಾಗಿದ್ದರಿಂದ ಯಾರು ಬೇಕಾದರೂ ತೆರೆದು ತಾಳೆ ನೋಡಬಹುದಿತ್ತು. ಅಲ್ಲಿಯವರೆಗೆ ಒಡೆಯರು “ಇದು ಹಿಂದಿನಿಂದ ಬಂದ ಪದ್ಧತಿ” ಎಂದರೆ ಮಾತು ಮುಗಿಯುತ್ತಿತ್ತು. ಈಗ “ಎಲ್ಲಿ ಬರೆದಿದೆ, ತೋರಿಸಿ” ಎಂದು ಕೇಳುವ ಸರದಿ ರೈತರದಾಯಿತು. ತಮ್ಮ ವ್ಯಾಜ್ಯ ತೀರ್ಮಾನಿಸಲು ಅವರು ಸೂಚಿಸಿದ ಪಂಡಿತರಲ್ಲಿ ಲೂಥರನ ಹೆಸರೂ ಇತ್ತು.

ಮಾರ್ಚ್ ತಿಂಗಳಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾದ ಈ ಹೊತ್ತಿಗೆ ಎರಡು ತಿಂಗಳಲ್ಲಿ 20ಕ್ಕೂ ಹೆಚ್ಚು ಮುದ್ರಣ ಕಂಡಿತು. ಸುಮಾರು 25,000 ಪ್ರತಿ ಹರಡಿರಬಹುದೆಂದು ಇತಿಹಾಸಕಾರರ ಅಂದಾಜು. ನೂರಾರು ಮೈಲಿ ದೂರದ, ಒಬ್ಬರನ್ನೊಬ್ಬರು ಕಾಣದ ರೈತರು ಅವೇ ಹನ್ನೆರಡು ಮಾತುಗಳನ್ನು ತಮ್ಮ ಒಡೆಯರ ಮುಂದಿಟ್ಟರು. ಬಾಯಿಂದ ಬಾಯಿಗೆ ಹೋಗುವ ಸುದ್ದಿ ಊರೂರಿಗೂ ಬದಲಾಗುತ್ತದೆ. ಅಚ್ಚಾದದ್ದು ಹೆಚ್ಚು ಬದಲಾಗದೆ ಹೋಗುತ್ತದೆ.

ಆದರೆ ಅಚ್ಚು ಒಂದೇ ಪಕ್ಷದ ಆಯುಧವಲ್ಲ. ಲೂಥರ್ ಮೊದಲು ಒಡೆಯರನ್ನೂ ರೈತರನ್ನೂ ಗದರಿ ಶಾಂತಿಗೆ ಕರೆದ. ಹಿಂಸೆ ಹೆಚ್ಚಿದಾಗ, ದಂಗೆಯೆದ್ದವರನ್ನು ಕೊಲ್ಲಿರೆಂದು ಅರಸರಿಗೆ ಹೇಳುವ ಮತ್ತೊಂದು ಹೊತ್ತಿಗೆ ಬರೆದ. ಅದೂ ಅಷ್ಟೇ ವೇಗವಾಗಿ ಅಚ್ಚಾಯಿತು. ಮೇ 15ರಂದು ಫ್ರಾಂಕನ್‌ಹೌಸನ್ ಬಳಿ ರೈತರ ಪಡೆ ನುಚ್ಚುನೂರಾಯಿತು. ಒಟ್ಟಾರೆ ಸತ್ತವರು ಸುಮಾರು ಒಂದು ಲಕ್ಷದವರೆಗೆ ಎನ್ನುತ್ತಾರೆ. ಮುದ್ರಕರಿಗೂ ತಲೆದಂಡ ತಪ್ಪಲಿಲ್ಲ. ನ್ಯೂರೆಂಬರ್ಗ್‌ನ ಹಾನ್ಸ್ ಹೆರ್ಗೋಟ್ ಎಂಬ ಮುದ್ರಕನನ್ನು, ಆಸ್ತಿಯೆಲ್ಲ ಎಲ್ಲರದೂ ಆಗಬೇಕೆನ್ನುವ ಹೊತ್ತಿಗೆಯ ಕಾರಣಕ್ಕೆ 1527ರಲ್ಲಿ ಲೈಪ್‌ಜಿಗ್‌ನಲ್ಲಿ ಶಿರಚ್ಛೇದ ಮಾಡಲಾಯಿತು.

ರೈತರು ಸೋತರು, ನಿಜ. ಆದರೂ 1526ರಲ್ಲಿ ಕೆಂಪ್ಟನ್ ಮಠದ ಅಧೀನದ ರೈತರೊಡನೆ ಮಠವು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಹನ್ನೆರಡು ಬೇಡಿಕೆಗಳೂ ಅಳಿಸಿಹೋಗಲಿಲ್ಲ. ಹಿಂದಿನ ಎಷ್ಟೋ ದಂಗೆಗಳಲ್ಲಿ ರೈತರು ಏನು ಕೇಳಿದ್ದರೆಂಬುದನ್ನು ನಾವು ಅವರನ್ನು ಅಡಗಿಸಿದವರ ಬರಹದಿಂದಲೇ ತಿಳಿಯಬೇಕು. ಇವರದನ್ನು ಅವರದೇ ಮಾತಿನಲ್ಲಿ ಓದಬಹುದು.

ಈ ನಾಡಿಗೂ ನಮಗೂ ಒಂದು ನಂಟಿದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಬಂದದ್ದು ವುರ್ಟೆಂಬರ್ಗ್‌ನಿಂದ. 1525ರ ದಂಗೆ ಹಬ್ಬಿದ್ದ ಸೀಮೆಗಳಲ್ಲಿ ಅದೂ ಒಂದು. ಆ ಪತ್ರಿಕೆಯ ಕಲ್ಲಚ್ಚಿನ ಹಾಳೆಗಳೂ ಓದುಬಲ್ಲವರು ವಿರಳವಾಗಿದ್ದ ಊರುಗಳಿಗೇ ಬಂದವು. ಅಂಥ ಕಡೆ ಗಟ್ಟಿಯಾಗಿ ಓದಿ ಹೇಳುವ ಒಬ್ಬನಿದ್ದರೂ ಸಾಕು, ಉಳಿದವರು ಕೇಳಿ “ಹೌದೇ? ಎಲ್ಲಿ ಬರೆದಿದೆ?” ಎಂದು ವಿಚಾರಿಸಬಹುದು.