ಡಿಪೆಂಡೆಂಟ್: ಇಂಗ್ಲಿಷ್ ಕಾಗುಣಿತದಲ್ಲಿ ಎ–ಇ ಗೊಂದಲ
ಬ್ರಿಟಿಷ್ ಇಂಗ್ಲಿಷಿನಲ್ಲಿ ಡಿಪೆಂಡೆಂಟ್ ಪದದ ಕೊನೆಯ ಸ್ವರವನ್ನು ‘ಅವಲಂಬಿಸಿರುವ’ ಎಂಬ ವಿಶೇಷಣಾರ್ಥದಲ್ಲಿ ‘ಇ’ ಅಕ್ಷರದಿಂದಲೂ, ‘ಅವಲಂಬಿತ ವ್ಯಕ್ತಿ’ ಎಂಬ ನಾಮಪದಾರ್ಥದಲ್ಲಿ ‘ಎ’ ಅಕ್ಷರದಿಂದಲೂ ಬರೆಯುವುದು ರೂಢಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ಇ’ ಬಳಕೆಯಲ್ಲಿದೆ. ಒತ್ತಿಲ್ಲದ ಈ ಸ್ವರ ಉಚ್ಚಾರಣೆಯಲ್ಲಿ ಒಂದೇ ಆಗಿ ಕೇಳಿಸುವುದರಿಂದ ಕಿವಿಯನ್ನು ನಂಬಿ ಕಾಗುಣಿತ ನಿರ್ಧರಿಸಲಾಗದು. ಗೊಂದಲದ ಬೇರು ಇನ್ನೂ ಹಳೆಯದು: ಲ್ಯಾಟಿನ್ ಭಾಷೆ ಕ್ರಿಯಾಪದದ ವರ್ಗಕ್ಕೆ ತಕ್ಕಂತೆ ಎರಡು ಸ್ವರಗಳನ್ನೂ ಬಳಸುತ್ತಿದ್ದರೆ, ಹಳೆಯ ಫ್ರೆಂಚ್ ತನ್ನ ಕೃದಂತಗಳಲ್ಲಿ, ಎಂದರೆ ಕ್ರಿಯಾಪದದಿಂದಾದ ವಿಶೇಷಣಗಳಲ್ಲಿ, ‘ಎ’ಯನ್ನೇ ನೆಲೆಗೊಳಿಸಿತು, ಇಂಗ್ಲಿಷ್ ಕೆಲವು ಪದಗಳನ್ನು ಫ್ರೆಂಚ್ ರೂಪದಲ್ಲೇ ಇಟ್ಟುಕೊಂಡು, ಉಳಿದವನ್ನು ಲ್ಯಾಟಿನ್‌ಗೆ ಹೊಂದಿಸಿತು. ಆದ್ದರಿಂದಲೇ, ‘ನಿಲ್ಲು’ ಎಂಬರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದರೂ ಎಕ್ಸಿಸ್ಟೆನ್ಸ್, ಪರ್ಸಿಸ್ಟೆನ್ಸ್ ಪದಗಳಲ್ಲಿ ‘ಇ’ ಇದ್ದರೆ ರೆಸಿಸ್ಟೆನ್ಸ್ ಪದದಲ್ಲಿ ‘ಎ’ ಉಳಿದಿದೆ.